ರಜೆ ಕೇಳುವಾಗ ಎಷ್ಟು ಹೇಳಬೇಕು?

ಶಾಲೆಯಲ್ಲಿ ನಾವು ಕಲಿತ ರಜಾ ಅರ್ಜಿಗೆ ಕಾರಣವೇ ಜೀವ. ಅಕ್ಕನ ಮದುವೆ, ಜ್ವರ, ಊರ ಜಾತ್ರೆ ಎಂದು ಬರೆಯದಿದ್ದರೆ ಮೇಷ್ಟ್ರು ಒಪ್ಪುತ್ತಿರಲಿಲ್ಲ. ಅಮೆರಿಕದಲ್ಲಿ ಕೆಲಸಕ್ಕಿರುವ ನಮ್ಮವರಲ್ಲೂ ಆ ಅಭ್ಯಾಸ ಉಳಿದಿದೆ. ಗ್ರೀನ್ ಕಾರ್ಡ್ ಅರ್ಜಿಗಾಗಿ ಬೆರಳಚ್ಚು ಕೊಡಲು ಕರೆ ಬಂದ ಕೂಡಲೇ ಕೆಲವರು ವೀಸಾದ ಪೂರ್ತಿ ಕಥೆಯನ್ನು ಮ್ಯಾನೇಜರ್‌ಗೆ ಬರೆದುಬಿಡುತ್ತಾರೆ.

ಸಿಯಾಟಲ್ ಬಳಿ ಕೆಲಸ ಮಾಡುವ ಕನ್ನಡತಿಯೊಬ್ಬರನ್ನು ಊಹಿಸಿಕೊಳ್ಳಿ. ಗಂಡನ ಎಚ್-1ಬಿ ವೀಸಾದ ಆಧಾರದಲ್ಲಿ ಅವರಿಗೆ ಎಚ್-4 ವೀಸಾ, ಜೊತೆಗೆ ಕೆಲಸದ ಪರವಾನಗಿ ಸಿಕ್ಕಿದೆ. ವಲಸೆ ಇಲಾಖೆಯಿಂದ ಐ-797ಸಿ ನೋಟಿಸ್ ಬಂದಿದೆ: ಬುಧವಾರ ಬೆಳಿಗ್ಗೆ 10ಕ್ಕೆ ಹಾಜರಾಗಬೇಕು. ಅಲ್ಲಿ ಬೆರಳಚ್ಚು, ಫೋಟೊ, ಸಹಿ ತೆಗೆದುಕೊಳ್ಳುತ್ತಾರೆ. ಕೆಲಸ ಚಿಕ್ಕದಾದರೂ ಪ್ರಯಾಣ, ಸರದಿ ಸೇರಿಸಿ ಅರ್ಧ ದಿನ ಕೇಳುವುದು ಲೇಸು. ಅವರು ಹೀಗೆ ಬರೆದರೆ ಸಾಕು:

"ಬುಧವಾರ ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ ನನಗೆ ರಜೆ ಬೇಕು. ತಪ್ಪಿಸಲಾಗದ ವೈಯಕ್ತಿಕ ಅಪಾಯಿಂಟ್‌ಮೆಂಟ್ ಇದೆ. ಅಂದಿನ ಮೀಟಿಂಗಿನ ವರದಿಯನ್ನು ಮಂಗಳವಾರ ಸಂಜೆಯೇ ಕಳಿಸುತ್ತೇನೆ."

ಮ್ಯಾನೇಜರ್‌ಗೆ ಬೇಕಾದದ್ದು ಇಷ್ಟೇ: ಎಷ್ಟು ಹೊತ್ತು ಇರುವುದಿಲ್ಲ, ಆ ಕೆಲಸ ಏನಾಗುತ್ತದೆ. ಉಳಿದದ್ದನ್ನು ಬರೆದರೆ ಅದು ಇಮೇಲಿನಲ್ಲಿ ಉಳಿದು, ಕೈಯಿಂದ ಕೈಗೆ ದಾಟುತ್ತದೆ. ಕಾರ್ಡ್ ಸಿಕ್ಕರೆ ಇವರು ಕೆಲಸ ಬಿಡುತ್ತಾರೋ ಎಂಬ ಲೆಕ್ಕಾಚಾರ ಶುರುವಾಗಬಹುದು. ಜೊತೆಗೆ ಗಂಡನ ಸಂಗತಿಯೂ ಬಯಲಾಗುತ್ತದೆ. "ಎಲ್ಲಾ ಸರಿಯಿದೆಯಾ?" ಎಂದು ಅಕ್ಕರೆಯಿಂದ ಕೇಳಿದರೆ, "ಸರಿಯಿದೆ, ಒಂದಷ್ಟು ಕಾಗದಪತ್ರದ ಕೆಲಸ" ಎಂದರೆ ಮುಗಿಯಿತು.

ಹಾಗೆಂದು ಜ್ವರ ಎಂದು ಸುಳ್ಳು ಹೇಳಬಾರದು. ವೈದ್ಯರ ಚೀಟಿ ಕೇಳಿದರೆ ಸಿಕ್ಕಿಬೀಳುತ್ತೀರಿ. ಹೇಳದೆ ಇರುವುದು ಬೇರೆ, ಸುಳ್ಳು ಹೇಳುವುದು ಬೇರೆ.

ಪುರಾವೆ ಕೇಳಿದರೆ ಎಚ್‌ಆರ್ ವಿಭಾಗಕ್ಕೆ ಮಾತ್ರ ನೋಟಿಸಿನ ಪ್ರತಿ ತೋರಿಸಿ. ಹೆಸರು, ದಿನ, ಸಮಯ, ಸ್ಥಳ ಕಾಣಲಿ. 'ಎ' ಅಕ್ಷರದಿಂದ ಶುರುವಾಗುವ ಸಂಖ್ಯೆ, ಅರ್ಜಿಯ ರಸೀದಿ ಸಂಖ್ಯೆ, ಮನೆ ವಿಳಾಸವನ್ನು ಮುಚ್ಚಿ. ವಾಷಿಂಗ್ಟನ್ ರಾಜ್ಯದಲ್ಲಿ ವಲಸೆ ಸಂಬಂಧಿ ವಿಚಾರಣೆ, ಪ್ರಕ್ರಿಯೆಗಳಿಗೂ ವೇತನಸಹಿತ ಅನಾರೋಗ್ಯ ರಜೆ ಬಳಸಲು 2025ರಲ್ಲಿ ಕಾನೂನು ಅವಕಾಶ ಕೊಟ್ಟಿತು. ಇಡೀ ದೇಶಕ್ಕೆ ಅನ್ವಯಿಸುವ ಅಂಥ ಹಕ್ಕಿಲ್ಲ. ಹೆಚ್ಚಿನವರು ತಮ್ಮ ಸಾಮಾನ್ಯ ರಜೆಯನ್ನೇ ಬಳಸಬೇಕು.

ರಜೆ ಸಿಗದೇ ಹೋದರೆ ಸುಮ್ಮನೆ ಗೈರಾಗಬೇಡಿ. ಅರ್ಜಿಯನ್ನೇ ಕೈಬಿಟ್ಟಿದ್ದೀರಿ ಎಂದು ಇಲಾಖೆ ಪರಿಗಣಿಸಬಹುದು. ಇಲಾಖೆಯ ಆನ್‌ಲೈನ್ ಖಾತೆಯಲ್ಲಿ, ನಿಗದಿತ ಸಮಯಕ್ಕೆ ಕನಿಷ್ಠ 12 ಗಂಟೆ ಮೊದಲು, ಸರಿಯಾದ ಕಾರಣ ಕೊಟ್ಟು ಬೇರೆ ದಿನ ಕೇಳಿ. ಕಾರಣವನ್ನು ಬಿಡಿಸಿ ಬರೆಯಬೇಕಾದ ಜಾಗ ಅದು, ಮ್ಯಾನೇಜರ್‌ನ ಇಮೇಲಲ್ಲ.