ಅಪ್‌ಲೋಡ್ ಆಗದ ಪ್ರಮಾಣಪತ್ರ, ಕಚೇರಿಗೊಂದು ಪತ್ರ

ಕರ್ನಾಟಕದಲ್ಲಿ ಬಿ.ಇ. ಮುಗಿಸಿ ಜರ್ಮನಿಗೆ ಎಂ.ಎಸ್. ಓದಲು ಹೊರಡುವ ಅನೇಕರ ಕೈಯಲ್ಲಿ ಆ ಹೊತ್ತಿಗೆ ಇರುವುದು ಪ್ರೊವಿಷನಲ್ ಸರ್ಟಿಫಿಕೇಟ್ ಮಾತ್ರ. ಘಟಿಕೋತ್ಸವ ಮುಗಿದು ಪದವಿ ಪ್ರಮಾಣಪತ್ರ ಮನೆಗೆ ಬರುವಾಗ ಅವರು ಊರು ಬಿಟ್ಟು ತಿಂಗಳುಗಳೇ ಆಗಿರುತ್ತವೆ. ಅಲ್ಲಿನ ವಿಶ್ವವಿದ್ಯಾಲಯ ಪ್ರೊವಿಷನಲ್ ನೋಡಿ ಸೀಟು ಕೊಟ್ಟಿದ್ದರೆ, ಮೂಲ ಪ್ರಮಾಣಪತ್ರವನ್ನು ಇಂಥ ದಿನದೊಳಗೆ ಸಲ್ಲಿಸಬೇಕು ಎಂಬ ಷರತ್ತನ್ನೂ ಹಾಕಿರುವುದುಂಟು. ಆಗ ಅಪ್ಪನೋ ಅಮ್ಮನೋ ಮನೆಯಲ್ಲೇ ಫೋಟೋ ತೆಗೆದು ಕಳಿಸುತ್ತಾರೆ, ಮಗಳು ಅದನ್ನು ಪೋರ್ಟಲ್‌ಗೆ ಏರಿಸುತ್ತಾಳೆ. ಅದು ಕೈಕೊಟ್ಟರೆ ಕಚೇರಿಗೆ ಪತ್ರ ಬರೆಯಬೇಕಾಗುತ್ತದೆ. ಆ ಪತ್ರ ಹೇಗಿರಬೇಕು ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ.

ಹಾಸನದ ಹುಡುಗಿಯೊಬ್ಬಳು ಜರ್ಮನಿಯಲ್ಲಿ ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಪ್ರಮಾಣಪತ್ರ ಸಲ್ಲಿಸಲು ಸೆಪ್ಟೆಂಬರ್ 30 ಕೊನೆಯ ದಿನ. ತಂದೆ ಐಫೋನ್‌ನಲ್ಲಿ ಫೋಟೋ ತೆಗೆದರು. ವಾಟ್ಸಾಪ್‌ನಲ್ಲಿ ಸುಮ್ಮನೆ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗಿ ಸಣ್ಣ ಅಕ್ಷರ, ಮೊಹರು, ರಿಜಿಸ್ಟರ್ ನಂಬರ್ ಮಸುಕಾಗಬಹುದು ಎಂದು ಮಗಳೇ ಎಚ್ಚರಿಸಿದ್ದಳು. ಹಾಗಾಗಿ ಅವರು ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಿದರು. ಅಕ್ಷರವೇನೋ ಸ್ಪಷ್ಟವಾಗಿತ್ತು. ಆದರೆ ಬಂದ ಫೈಲಿನ ಹೆಸರು `IMG_4127.HEIC`. ಪೋರ್ಟಲ್ ಒಪ್ಪುವುದು ಪಿಡಿಎಫ್ ಮತ್ತು ಜೆಪಿಜಿ ಮಾತ್ರ.

2017ರಲ್ಲಿ ಬಂದ ಐಒಎಸ್ 11ರಿಂದೀಚೆಗೆ ಐಫೋನ್‌ಗಳು ಫೋಟೋಗಳನ್ನು ಸಾಮಾನ್ಯವಾಗಿ ಈ ಎಚ್‌ಇಐಸಿ ರೂಪದಲ್ಲಿ ಉಳಿಸುತ್ತವೆ. ಫೋನಿನಲ್ಲಿ ಕಡಿಮೆ ಜಾಗ ಹಿಡಿಯಲಿ ಎಂಬುದು ಅದರ ಉದ್ದೇಶ. ಆದರೆ ಅನೇಕ ಕಚೇರಿ ಪೋರ್ಟಲ್‌ಗಳು ಇದನ್ನು ತೆಗೆದುಕೊಳ್ಳುವುದಿಲ್ಲ. ಹುಡುಗಿ ಆತುರದಲ್ಲಿ ಫೈಲಿನ ಹೆಸರಿನ ಕೊನೆಯನ್ನು `.jpg` ಎಂದು ತಿದ್ದಿ ಮತ್ತೆ ಏರಿಸಿದಳು. ಈ ಸಲ ಪೋರ್ಟಲ್ ಒಪ್ಪಿಕೊಂಡಿತು, ಹಸಿರು ಗುರುತೂ ಬಂತು. ಆದರೆ ಮುನ್ನೋಟ ತೆರೆದರೆ ಖಾಲಿ ಚೌಕ.

ಹೆಸರು ಬದಲಿಸಿದ್ದರಿಂದ ಒಳಗಿನ ರೂಪ ಬದಲಾಗಿರಲಿಲ್ಲ. ಇಂಥ ಚಿತ್ರ ಫೈಲುಗಳ ಆರಂಭದಲ್ಲೇ ಅದು ಯಾವ ಜಾತಿಯದು ಎಂದು ಹೇಳುವ ಗುರುತು ಇರುತ್ತದೆ. ಜೆಪಿಜಿ ಫೈಲು `FF D8 FF` ಎಂಬ ಬೈಟ್‌ಗಳಿಂದ ಶುರುವಾಗುತ್ತದೆ. ಎಚ್‌ಇಐಸಿ ಫೈಲಿನಲ್ಲಿ ಮೊದಲ ನಾಲ್ಕು ಬೈಟ್ ದಾಟಿದ ಮೇಲೆ `ftyp` ಎಂಬ ಅಕ್ಷರಗಳಿರುತ್ತವೆ. ಕೆಲವು ಪೋರ್ಟಲ್‌ಗಳು ಈ ಗುರುತನ್ನು ನೋಡಿ ಅಲ್ಲೇ ತಿರಸ್ಕರಿಸುತ್ತವೆ. ಹೆಸರಿನ ಬಾಲವನ್ನಷ್ಟೇ ನೋಡುವ ಪೋರ್ಟಲ್ ಫೈಲನ್ನು ಒಳಕ್ಕೆ ಬಿಡುತ್ತದೆ, ಆಮೇಲೆ ಅದು ತೆರೆಯುವುದಿಲ್ಲ. ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ಹಸಿರು ಗುರುತು ನೋಡಿದವರು ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಆದ್ದರಿಂದ ಅಪ್‌ಲೋಡ್ ಆದ ಕೂಡಲೇ ಆ ಫೈಲನ್ನು ಪೋರ್ಟಲ್‌ನಿಂದಲೇ ತೆರೆದು ನೋಡಬೇಕು.

ಸರಿಪಡಿಸುವುದು ಕಷ್ಟವಲ್ಲ. ಐಒಎಸ್ 16 ಅಥವಾ ಅದರ ನಂತರದ ಐಫೋನ್ ಇದ್ದರೆ, ಫೈಲ್ಸ್ ಆ್ಯಪ್‌ನಲ್ಲಿ ಆ ಫೈಲನ್ನು ಒತ್ತಿ ಹಿಡಿದು `Quick Actions`, ನಂತರ `Convert Image` ಆರಿಸಿದರೆ ನಿಜವಾದ ಜೆಪಿಜಿ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು, ತಂದೆ ನೋಟ್ಸ್ ಆ್ಯಪ್‌ನ ಸ್ಕ್ಯಾನ್ ಸೌಲಭ್ಯದಲ್ಲಿ ಪ್ರಮಾಣಪತ್ರವನ್ನು ಹೊಸದಾಗಿ ಸ್ಕ್ಯಾನ್ ಮಾಡಿ ಪಿಡಿಎಫ್ ಕಳಿಸುವುದು. ಅಂಚು ನೇರವಾಗುತ್ತದೆ, ಮೇಜಿನ ನೆರಳೂ ಕಡಿಮೆಯಾಗುತ್ತದೆ. ಅವರು ಹಾಗೆಯೇ ಕಳಿಸಿದರು. ಆದರೆ ಅಷ್ಟರಲ್ಲಿ ಪೋರ್ಟಲ್ ಬಾಗಿಲು ಹಾಕಿಕೊಂಡಿತ್ತು. ಒಮ್ಮೆ ಸಲ್ಲಿಕೆಯಾದ ಫೈಲನ್ನು ಅಲ್ಲಿ ವಿದ್ಯಾರ್ಥಿಯೇ ಬದಲಿಸುವಂತಿಲ್ಲ, ಕಚೇರಿಯವರೇ ಮತ್ತೆ ತೆರೆದುಕೊಡಬೇಕು. ಪತ್ರ ಬೇಕಾಗುವುದು ಇಲ್ಲಿ.

ಗಾಬರಿಯಲ್ಲಿ ಮೊದಲು ಹೊಳೆಯುವುದು ಇಂಥ ಪತ್ರ: “ಸರ್, ನನ್ನ ಫೋಟೋ ಅಪ್‌ಲೋಡ್ ಆಗುತ್ತಿಲ್ಲ. ತುಂಬಾ ಸಲ ಪ್ರಯತ್ನಿಸಿದೆ. ದಯವಿಟ್ಟು ಬೇಗ ಸಹಾಯ ಮಾಡಿ.” ಇದನ್ನು ಓದಿದ ಸಿಬ್ಬಂದಿಗೆ ಬರೆದವರು ಯಾರು, ಯಾವ ಫೋಟೋ, ಪೋರ್ಟಲ್ ಏನು ಹೇಳಿತು, ತಾನು ಏನು ಮಾಡಬೇಕು, ಒಂದೂ ತಿಳಿಯುವುದಿಲ್ಲ. ಫೋಟೋ ಎಂದರೆ ಗುರುತಿನ ಚೀಟಿಗೆ ಕೊಡುವ ಮುಖದ ಫೋಟೋ ಎಂದೇ ಅವರು ತಿಳಿಯಬಹುದು. ಅವರು ಪ್ರಶ್ನೆ ಕೇಳಿ, ಇವಳು ಉತ್ತರಿಸುವಷ್ಟರಲ್ಲಿ ಕೊನೆಯ ದಿನ ದಾಟಿರುತ್ತದೆ.

ಅದರ ಬದಲು ಅವಳು ಬರೆದ ಪತ್ರದ ಕನ್ನಡ ರೂಪ ಇದು. ವಿಷಯದ ಸಾಲಿನಲ್ಲಿ ವಿದ್ಯಾರ್ಥಿ ಸಂಖ್ಯೆ, ಅದರ ಮುಂದೆ “ಪದವಿ ಪ್ರಮಾಣಪತ್ರ: ಅಪ್‌ಲೋಡ್ ಆದ ಫೈಲು ತೆರೆಯುತ್ತಿಲ್ಲ, ಕೊನೆಯ ದಿನ ಸೆಪ್ಟೆಂಬರ್ 30”.

“ಮಾನ್ಯರೇ, ನಾನು ಎಂ.ಎಸ್. ವಿದ್ಯಾರ್ಥಿನಿ. ಹೆಸರು ಮತ್ತು ವಿದ್ಯಾರ್ಥಿ ಸಂಖ್ಯೆ ಕೆಳಗಿವೆ. ನನ್ನ ಬಿ.ಇ. ಪದವಿ ಪ್ರಮಾಣಪತ್ರದ ಚಿತ್ರವನ್ನು ಸೆಪ್ಟೆಂಬರ್ 28ರಂದು ಜರ್ಮನ್ ಸಮಯ ಸಂಜೆ 6.40ಕ್ಕೆ ಅಪ್‌ಲೋಡ್ ಮಾಡಿದೆ. ಪೋರ್ಟಲ್ ಅದನ್ನು ಸ್ವೀಕರಿಸಿತು, ಆದರೆ ಮುನ್ನೋಟ ಖಾಲಿ ಬರುತ್ತಿದೆ. ಮೂಲ ಫೈಲು ಎಚ್‌ಇಐಸಿ ಆಗಿತ್ತು, ನಾನು ಹೆಸರನ್ನಷ್ಟೇ ಜೆಪಿಜಿ ಎಂದು ಬದಲಿಸಿದ್ದೆ. ಈಗ ಸರಿಯಾದ ಪಿಡಿಎಫ್ ನನ್ನ ಬಳಿ ಇದೆ, ಗಾತ್ರ 1.1 ಎಂಬಿ. ಆದರೆ ಆ ಜಾಗದಲ್ಲಿ ಬದಲಿಸುವ ಬಟನ್ ಇಲ್ಲ. ದಯವಿಟ್ಟು ಅಪ್‌ಲೋಡ್ ಅನ್ನು ಮತ್ತೆ ತೆರೆಯುವಿರಾ, ಇಲ್ಲವೇ ಬೇರೆ ಯಾವ ದಾರಿಯಲ್ಲಿ ಕಳಿಸಬೇಕೆಂದು ತಿಳಿಸುವಿರಾ? ಪರದೆಯ ಚಿತ್ರ ಲಗತ್ತಿಸಿದ್ದೇನೆ.”

ಇದರಲ್ಲಿ ಕಾರಣವನ್ನು ಮುಚ್ಚಿಡದೆ ಹೇಳಿದ್ದೇ ಕೆಲಸವನ್ನು ಅರ್ಧ ಹಗುರ ಮಾಡುತ್ತದೆ. ಪೋರ್ಟಲ್ ಕೆಟ್ಟಿದೆ ಎಂದಿದ್ದರೆ ಪತ್ರ ತಾಂತ್ರಿಕ ವಿಭಾಗಕ್ಕೆ ಹೋಗಿ ಅಲ್ಲಿ ಕೂರುತ್ತಿತ್ತು. ಫೈಲಿನದೇ ತಪ್ಪು ಎಂದು ತಿಳಿದ ಮೇಲೆ ಸಿಬ್ಬಂದಿ ಮಾಡಬೇಕಾದದ್ದು ಒಂದೇ, ಆ ಜಾಗವನ್ನು ತೆರೆಯುವುದು. ಸಮಯದ ಜತೆ ಜರ್ಮನ್ ಸಮಯ ಎಂದು ಬರೆದದ್ದಕ್ಕೂ ಕಾರಣವಿದೆ. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ಹಾಸನದ ತಂದೆಯ ಫೋನಿನಲ್ಲಿ ಆಗ ರಾತ್ರಿ 10.10. ವಾಟ್ಸಾಪ್‌ನ ಸಮಯ ನೋಡಿ ಬರೆದರೆ ಕಚೇರಿಯ ದಾಖಲೆಗೂ ಪತ್ರಕ್ಕೂ ತಾಳೆಯಾಗುವುದಿಲ್ಲ.

ಪ್ರಮಾಣಪತ್ರವನ್ನು ಅವಳು ಪತ್ರಕ್ಕೆ ಲಗತ್ತಿಸಲಿಲ್ಲ, ತನ್ನ ಬಳಿ ಇದೆ ಎಂದಷ್ಟೇ ಹೇಳಿದಳು. ಇಮೇಲ್‌ನಲ್ಲಿ ಬಂದ ದಾಖಲೆಯನ್ನು ಸಲ್ಲಿಕೆ ಎಂದು ಎಣಿಸದ ಕಚೇರಿಗಳಿವೆ. ಪಾಸ್‌ಪೋರ್ಟ್‌ನಂಥ ದಾಖಲೆಯನ್ನಂತೂ ಅವರು ಕೇಳದೆ ಇಮೇಲ್‌ನಲ್ಲಿ ಕಳಿಸಬಾರದು. ಪತ್ರ ಬರೆದದ್ದೂ ವಿಶ್ವವಿದ್ಯಾಲಯ ಕೊಟ್ಟ ಇಮೇಲ್ ವಿಳಾಸದಿಂದ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮದ ಕಾರಣ, ಯಾರದೆಂದು ಖಚಿತವಿಲ್ಲದ ಖಾಸಗಿ ವಿಳಾಸಕ್ಕೆ ವಿದ್ಯಾರ್ಥಿಯ ವಿವರ ಬರೆಯಲು ಸಿಬ್ಬಂದಿ ಹಿಂಜರಿಯುತ್ತಾರೆ.

ಉತ್ತರ ತಡವಾದರೆ ಹೊಸ ಪತ್ರ ಶುರು ಮಾಡದೆ ಅದೇ ಪತ್ರದ ಮುಂದುವರಿಕೆಯಾಗಿ ಬರೆಯಬೇಕು. ಇಲ್ಲದಿದ್ದರೆ ಒಂದೇ ಅಹವಾಲು ಇಬ್ಬರ ಮೇಜಿಗೆ ಹೋಗಿ ಗೊಂದಲವಾಗುತ್ತದೆ. ಇಷ್ಟೆಲ್ಲ ಆದರೂ ಒಂದು ಮಿತಿ ಇದ್ದೇ ಇದೆ. ಜರ್ಮನಿಯಲ್ಲಿ ಪ್ರವೇಶ ಅರ್ಜಿಯ ಕೆಲವು ಗಡುವುಗಳು ಎಷ್ಟು ಬಿಗಿಯೆಂದರೆ, ಆ ದಿನ ದಾಟಿ ಬಂದ ಕಾಗದವನ್ನು ಪರಿಗಣಿಸುವ ಅಧಿಕಾರವೇ ಸಿಬ್ಬಂದಿಗಿರುವುದಿಲ್ಲ. ಪ್ರವೇಶದ ನಂತರ ಕೊಡಬೇಕಾದ ಪ್ರಮಾಣಪತ್ರದ ವಿಷಯದಲ್ಲಿ ಸ್ವಲ್ಪ ಸಡಿಲಿಕೆ ಸಿಗಬಹುದು, ಆದರೆ ಅದನ್ನು ಗಡುವಿಗೆ ಮೊದಲೇ ಕೇಳಿರಬೇಕು. ಹಾಸನದ ಹುಡುಗಿ 28ಕ್ಕೇ ಬರೆದದ್ದರಿಂದ ಕಚೇರಿಗೆ ಉತ್ತರಿಸಲು ಇನ್ನೂ ಎರಡು ದಿನ ಸಮಯವಿತ್ತು. 30ರ ನಡುರಾತ್ರಿ ಬರೆದಿದ್ದರೆ ಇದೇ ಪತ್ರ, ಇಷ್ಟೇ ಚೊಕ್ಕವಾಗಿದ್ದರೂ, ಮುಚ್ಚಿದ ಕಚೇರಿಯ ಇನ್‌ಬಾಕ್ಸ್‌ನಲ್ಲಿ ಬಿದ್ದಿರುತ್ತಿತ್ತು.