ಬಿಡಿ ಕೆಲಸ ಕೇಳುವ ಇಮೇಲ್: ನಿವೃತ್ತರು ಬರೆಯಬೇಕಾದದ್ದೇನು?

ನಿವೃತ್ತರಾದ ಮೇಲೆ ಅರೆಕಾಲಿಕ ಕೆಲಸವನ್ನೋ ಸಲಹೆಗಾರನ ಕೆಲಸವನ್ನೋ ಕೇಳಿ ಬರೆಯುವ ಇಮೇಲ್‌ಗಳಲ್ಲಿ ಎರಡು ವಾಕ್ಯಗಳು ತಪ್ಪದೇ ಬರುತ್ತವೆ. ‘ನನಗೆ ಮೂವತ್ತನಾಲ್ಕು ವರ್ಷಗಳ ಅಪಾರ ಅನುಭವವಿದೆ’ ಎನ್ನುವುದು ಒಂದು. ‘ಯಾವ ಸಮಯಕ್ಕಾದರೂ, ಯಾವ ಕೆಲಸಕ್ಕಾದರೂ ಸಿದ್ಧನಿದ್ದೇನೆ’ ಎನ್ನುವುದು ಇನ್ನೊಂದು. ಎರಡೂ ನಿಜವೇ ಇರಬಹುದು. ಆದರೆ ಓದುವ ಮಾಲೀಕರಿಗೆ ಇವುಗಳಿಂದ ಏನೂ ತಿಳಿಯುವುದಿಲ್ಲ. ಆ ಮೂವತ್ತನಾಲ್ಕು ವರ್ಷದಲ್ಲಿ ತಮ್ಮ ಉಪಯೋಗಕ್ಕೆ ಬರುವುದು ಯಾವುದು, ಈ ಮನುಷ್ಯ ವಾರದಲ್ಲಿ ಯಾವ ದಿನ ಬರುತ್ತಾರೆ, ಎಷ್ಟು ಕೇಳುತ್ತಾರೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕವನ್ನು ಊಹಿಸಿಕೊಳ್ಳಿ. ಅರವತ್ತು ಜನ ಕೆಲಸಗಾರರು, ಲೇತ್ ಮತ್ತು ಗ್ರೈಂಡಿಂಗ್ ಯಂತ್ರಗಳು, ವಾಹನ ಕಂಪನಿಗಳಿಗೆ ಹೋಗುವ ಶಾಫ್ಟ್‌ಗಳ ತಯಾರಿ. ಕೊಟೇಶನ್ ಬರೆಯುವುದು, ಬ್ಯಾಂಕಿಗೆ ಓಡಾಡುವುದು, ಗ್ರಾಹಕರಿಗೆ ಉತ್ತರ ಹೇಳುವುದು ಎಲ್ಲವೂ ಮಾಲೀಕರ ತಲೆಯ ಮೇಲೆಯೇ. ಪೂರ್ಣಾವಧಿಗೆ ಒಬ್ಬ ಗುಣಮಟ್ಟದ ಮ್ಯಾನೇಜರನ್ನು ಇಟ್ಟುಕೊಳ್ಳುವಷ್ಟು ಲಾಭ ಇಲ್ಲ, ಆದರೆ ಅಂಥವರು ಇಲ್ಲದೆ ನಡೆಯುವುದೂ ಇಲ್ಲ. ಅಳತೆ ತಪ್ಪಿತೆಂದು ಮಾಲು ವಾಪಸು ಬರುತ್ತದೆ. ಐಎಸ್‌ಒ 9001 ಪ್ರಮಾಣಪತ್ರದ ಅವಧಿ ಮೂರು ವರ್ಷವಾದರೂ ನಡುವೆ ಪ್ರತಿವರ್ಷ ಆಡಿಟ್ ಇರುತ್ತದೆ. ಅದು ಹತ್ತಿರ ಬಂದಾಗಲೇ ದಾಖಲೆಗಳು ಅರ್ಧಕ್ಕೆ ನಿಂತಿರುವುದು ಗೊತ್ತಾಗುವುದು. ನಿವೃತ್ತ ತಜ್ಞರೊಬ್ಬರಿಗೆ ವಾರದಲ್ಲಿ ಎರಡು ದಿನದ ಕೆಲಸ ನಿಜವಾಗಿಯೂ ಇರುವುದು ಇಂಥ ಕಡೆ.

ಇಂಥ ಮಾಲೀಕರು ಇಮೇಲ್ ಓದುವುದು ಮೊಬೈಲಿನಲ್ಲಿ, ಎರಡು ಫೋನ್ ಕರೆಗಳ ನಡುವೆ. ವಿಷಯದ ಸಾಲು ಮತ್ತು ಮೊದಲ ಎರಡು ಸಾಲಿನಲ್ಲಿ ಅವರ ತೊಂದರೆಯ ಹೆಸರು ಕಾಣಿಸದಿದ್ದರೆ ಮುಂದಿನದನ್ನು ತೆರೆಯುವುದಿಲ್ಲ. ಗುಣಮಟ್ಟ ವಿಭಾಗದಿಂದ ನಿವೃತ್ತರಾದವರೊಬ್ಬರು ಬರೆಯುವುದಾದರೆ ಹೀಗೆ ಬರೆಯಬಹುದು. ಇಂಗ್ಲಿಷಿನಲ್ಲಿ ಬರೆದರೂ ಅನುಕ್ರಮ ಇದೇ.

ವಿಷಯ: ರಿಜೆಕ್ಷನ್ ತಡೆ, ಆಡಿಟ್ ಸಿದ್ಧತೆ – ವಾರಕ್ಕೆ 2 ದಿನ

ಮಾನ್ಯರೇ, ನಮಸ್ಕಾರ.

ಶಾಫ್ಟ್‌ಗಳಲ್ಲಿ ಅಳತೆ ತಪ್ಪಿ ವಾಪಸಾಗುವ ಮಾಲನ್ನು ಕಡಿಮೆ ಮಾಡಲು ಮತ್ತು ವಾರ್ಷಿಕ ಆಡಿಟ್‌ಗೆ ದಾಖಲೆ ಸಿದ್ಧಪಡಿಸಲು ನಾನು ನೆರವಾಗಬಲ್ಲೆ. ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ 34 ವರ್ಷ ಕೆಲಸ ಮಾಡಿ ಕಳೆದ ಮಾರ್ಚ್‌ನಲ್ಲಿ ನಿವೃತ್ತನಾದೆ. ಕೊನೆಯ 9 ವರ್ಷ, ಸಣ್ಣ ಘಟಕಗಳಿಂದ ಬರುವ ಮಾಲಿನ ತಪಾಸಣೆ ನನ್ನ ಹೊಣೆಯಾಗಿತ್ತು.

ಒಂದು ಘಟಕದಲ್ಲಿ ಸಾವಿರಕ್ಕೆ 12 ಇದ್ದ ರಿಜೆಕ್ಷನ್, ಮೊದಲ ಪೀಸಿನ ತಪಾಸಣೆ ಮತ್ತು ಮೈಕ್ರೋಮೀಟರ್‌ಗಳ ಕ್ಯಾಲಿಬ್ರೇಷನ್ ಸರಿಪಡಿಸಿದ ಮೇಲೆ 8 ತಿಂಗಳಲ್ಲಿ 3ಕ್ಕೆ ಇಳಿಯಿತು.

ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ 9ರಿಂದ 4ರವರೆಗೆ ಕಾರ್ಖಾನೆಯಲ್ಲಿರಬಲ್ಲೆ. ಆಡಿಟ್ ಇರುವ ವಾರ ಪೂರ್ತಿ ಬರುತ್ತೇನೆ. ಉಳಿದ ದಿನ ಸಂಜೆ 6ರವರೆಗೆ ಫೋನಿನಲ್ಲಿ ಸಿಗುತ್ತೇನೆ. ರಾತ್ರಿ ಪಾಳಿಗೆ ಬರಲಾಗುವುದಿಲ್ಲ.

ಮೊದಲಿಗೆ 2 ದಿನ ಬಂದು ನೋಡಿ, ಕಂಡದ್ದನ್ನು ಎರಡು ಪುಟದ ವರದಿಯಲ್ಲಿ ಕೊಡುತ್ತೇನೆ. ಶುಲ್ಕ ದಿನದ ಲೆಕ್ಕದಲ್ಲಿ. ವರದಿ ನೋಡಿದ ಮೇಲೆ ಮುಂದುವರಿಯುವುದು ಬಿಡುವುದು ನಿಮ್ಮ ತೀರ್ಮಾನ. ಒಂದು ಪುಟದ ಪರಿಚಯ ಲಗತ್ತಿಸಿದ್ದೇನೆ.

ಇಲ್ಲಿ 34 ವರ್ಷದ ಬಗ್ಗೆ ಇರುವುದು ಒಂದೇ ಸಾಲು. ಟ್ರೇನಿಯಾಗಿ ಸೇರಿದ್ದು, ಬಡ್ತಿಗಳು, ಪ್ರಶಸ್ತಿ ಫಲಕಗಳು ಯಾವುವೂ ಇಲ್ಲ. ಅವೆಲ್ಲ ಲಗತ್ತಿನ ಪುಟಕ್ಕೆ ಹೋಗಲಿ. ಅನುಭವವನ್ನು ನಂಬಿಸುವುದು ಮೊದಲ ಪೀಸು ಮತ್ತು ಮೈಕ್ರೋಮೀಟರ್ ಇರುವ ಆ ಒಂದು ವಾಕ್ಯ. ಟೂಲ್ ಬದಲಿಸಿದ ಮೇಲೆ ಮೊದಲು ಬಂದ ಪೀಸನ್ನು ಅಳೆದು ನೋಡದೆ ಯಂತ್ರ ಓಡಿಸಿದರೆ ಒಂದು ಟ್ರೇ ಪೂರ್ತಿ ಹಾಳಾಗಬಹುದು ಎಂಬುದು ಶಾಪ್ ಫ್ಲೋರ್ ಬಲ್ಲ ಮಾಲೀಕರಿಗೆ ಗೊತ್ತು. ಸೊನ್ನೆ ತಪ್ಪಿದ ಮೈಕ್ರೋಮೀಟರ್ ಹಿಡಿದು ಹುಡುಗ ಎಷ್ಟು ನಿಷ್ಠೆಯಿಂದ ಅಳೆದರೂ ಫಲವಿಲ್ಲ ಎಂಬುದೂ ಗೊತ್ತು. ರೋಗ ಮತ್ತು ಮದ್ದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದವರು ಆ ಕೆಲಸ ಮಾಡಿದವರೇ ಎಂದು ಅವರು ತಕ್ಷಣ ಗುರುತಿಸುತ್ತಾರೆ. ಅಂಕಿ ನೆನಪಿಲ್ಲದಿದ್ದರೆ ಅಂಕಿ ಹಾಕಬೇಡಿ, ಮಾಡಿದ ಬದಲಾವಣೆಯನ್ನಷ್ಟೇ ಬರೆಯಿರಿ. ಸಂದರ್ಶನದಲ್ಲಿ ಮೊದಲು ಕೇಳುವುದು ಆ ಅಂಕಿಯ ಬಗ್ಗೆಯೇ.

ಇನ್ನು ಹೊಂದಾಣಿಕೆಯ ಮಾತು. ಹೆಚ್ಚಿನವರು ಎಡವುವುದು ಇಲ್ಲಿ. ಯಾವಾಗ ಕರೆದರೂ ಬರುತ್ತೇನೆ ಎಂದರೆ ಉದಾರವಾಗಿ ಕೇಳಿಸುತ್ತದೆ, ಆದರೆ ಮಾಲೀಕರು ಅದರ ಮೇಲೆ ಯಾವ ಕೆಲಸವನ್ನೂ ಯೋಜಿಸಲಾರರು. ಮಂಗಳವಾರ ಮತ್ತು ಶುಕ್ರವಾರ ಎಂದು ಬರೆದರೆ ವಾಪಸು ಬಂದ ಮಾಲನ್ನು ಮಂಗಳವಾರದವರೆಗೆ ಬದಿಗಿಡಿಸಬಹುದು, ಮೇಲ್ವಿಚಾರಕರಿಗೆ ಶುಕ್ರವಾರ ತರಬೇತಿ ಇಡಬಹುದು. ದಿನಗಳನ್ನು ಗೊತ್ತುಮಾಡಿ, ಎಲ್ಲಿ ಸಡಿಲಿಸುತ್ತೀರಿ ಎಂದು ಹೇಳಿದಾಗ ಮಾತ್ರ ಹೊಂದಾಣಿಕೆಗೆ ಬೆಲೆ. ಆಡಿಟ್ ವಾರದ ಸಾಲು ಮಾಡುವುದು ಅದನ್ನೇ. ರಾತ್ರಿ ಪಾಳಿ ಆಗದು ಎಂಬ ಸಾಲನ್ನು ಅಳಿಸಲು ಮನಸ್ಸಾಗಬಹುದು, ಅಳಿಸಬೇಡಿ. ಆಗದ್ದನ್ನು ಮೊದಲೇ ಹೇಳಿದವರ ‘ಆಗುತ್ತದೆ’ಯನ್ನೂ ಜನ ನಂಬುತ್ತಾರೆ.

ನಿವೃತ್ತರ ಬಗ್ಗೆ ಸಣ್ಣ ಮಾಲೀಕರಿಗೆ ಹೇಳದೆ ಉಳಿಯುವ ಒಂದು ಅಳುಕು ಇದೆ. ದೊಡ್ಡ ಕಂಪನಿಯಿಂದ ಬಂದವರು ಇಲ್ಲಿನ ಹುಡುಗರ ಮೇಲೆ ಅಧಿಕಾರ ಚಲಾಯಿಸುತ್ತಾರೇನೋ, ‘ನಮ್ಮಲ್ಲಿ ಹೀಗಿರಲಿಲ್ಲ’ ಎನ್ನುತ್ತ ಕೂರುತ್ತಾರೇನೋ, ಬೇಡವಾದರೆ ಹಿರಿಯರಿಗೆ ಹೇಗೆ ಹೇಳುವುದು ಎಂಬ ಸಂಕೋಚ. ಎರಡು ದಿನದ ಪರಿಶೀಲನೆ ಮತ್ತು ವರದಿ ಎಂಬ ಪ್ರಸ್ತಾಪ ಈ ಸಂಕೋಚವನ್ನು ಬಿಡಿಸುತ್ತದೆ. ಅದನ್ನು ಪುಕ್ಕಟೆ ಮಾಡಿಕೊಡುತ್ತೇನೆ ಎನ್ನಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪುಕ್ಕಟೆ ಬಂದ ವರದಿ ಮೇಜಿನ ಮೇಲೆಯೇ ಉಳಿಯುತ್ತದೆ, ದುಡ್ಡು ಕೊಟ್ಟದ್ದನ್ನು ಓದುತ್ತಾರೆ. ದಿನದ ಶುಲ್ಕ ಎಷ್ಟೆಂದು ಮೊದಲ ಇಮೇಲ್‌ನಲ್ಲಿ ಬರೆಯದಿದ್ದರೂ ಮನಸ್ಸಿನಲ್ಲಿ ನಿಶ್ಚಯವಾಗಿರಲಿ. ಫೋನಿನಲ್ಲಿ ಕೇಳಿದಾಗ ‘ನೀವು ಕೊಟ್ಟಷ್ಟು’ ಎಂದರೆ ಇಬ್ಬರಿಗೂ ಇರಿಸುಮುರಿಸು.

ಸಲಹೆಗಾರರಿಗೆ ಸಿಗುವುದು ಸಂಬಳವಲ್ಲ, ಶುಲ್ಕ. ಪ್ರತಿ ತಿಂಗಳು ನೀವೇ ಬಿಲ್ ಕೊಡಬೇಕು, ಅದರಲ್ಲಿ ಟಿಡಿಎಸ್ ಕಡಿತವಾಗಬಹುದು, ಪಿಎಫ್ ಇರುವುದಿಲ್ಲ. ಸೇವೆಯಿಂದ ಬರುವ ವಾರ್ಷಿಕ ಆದಾಯ 20 ಲಕ್ಷ ರೂಪಾಯಿ ದಾಟದಿದ್ದರೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ವಾರಕ್ಕೆ ಎರಡು ದಿನದ ಕೆಲಸಕ್ಕೆ ಅದರ ಚಿಂತೆ ಅಪರೂಪ.

ಕಳಿಸುವ ಮುನ್ನ ನೋಡಿಕೊಳ್ಳಬೇಕಾದ ಮುಖ್ಯ ಸಂಗತಿ ಹಳೆಯ ಉದ್ಯೋಗಕ್ಕೆ ಸಂಬಂಧಿಸಿದ್ದು. ಹಿಂದಿನ ಕಂಪನಿಯ ಡ್ರಾಯಿಂಗ್, ಚೆಕ್‌ಲಿಸ್ಟ್, ದರಪಟ್ಟಿ ಯಾವುದನ್ನೂ ಮಾದರಿಯಾಗಿ ಲಗತ್ತಿಸಬೇಡಿ. ಅವು ನಿಮ್ಮವಲ್ಲ. ಅದನ್ನು ಕಂಡ ಬುದ್ಧಿವಂತ ಮಾಲೀಕರು, ನಾಳೆ ನಮ್ಮದನ್ನೂ ಇವರು ಹೀಗೇ ಒಯ್ಯುತ್ತಾರೆ ಎಂದುಕೊಳ್ಳುತ್ತಾರೆ. ನಿವೃತ್ತಿಯಾದ ಮೇಲೂ ಇಷ್ಟು ಕಾಲ ಪೈಪೋಟಿಯ ಸಂಸ್ಥೆಗೆ ಕೆಲಸ ಮಾಡಬಾರದು ಎಂಬ ಷರತ್ತು ನೇಮಕಾತಿ ಪತ್ರದಲ್ಲಿ ಇತ್ತೇ ಎಂದು ತೆಗೆದು ಓದಿ. ಕೇಂದ್ರ ಸರ್ಕಾರದ ‘ಎ’ ಗುಂಪಿನ ಹುದ್ದೆಯಿಂದ ನಿವೃತ್ತರಾಗಿ ಪಿಂಚಣಿ ಪಡೆಯುವವರು ಒಂದು ವರ್ಷದೊಳಗೆ ಖಾಸಗಿ ವಾಣಿಜ್ಯ ಉದ್ಯೋಗ ಹಿಡಿಯಲು ಸರ್ಕಾರದ ಪೂರ್ವಾನುಮತಿ ಬೇಕು, ಇಲ್ಲದಿದ್ದರೆ ಪಿಂಚಣಿಗೇ ಸಂಚಕಾರ ಬರಬಹುದು. ಬ್ಯಾಂಕು, ಸಾರ್ವಜನಿಕ ಉದ್ದಿಮೆ, ರಾಜ್ಯ ಸರ್ಕಾರದಲ್ಲಿ ಇದ್ದವರು ತಮ್ಮ ಕಚೇರಿಯ ನಿಯಮವನ್ನು ಲಿಖಿತವಾಗಿ ಕೇಳಿ ತಿಳಿದುಕೊಂಡ ಮೇಲೆಯೇ ಇಮೇಲ್ ಕಳಿಸಿ.