ಗಂಟು ಎಲ್ಲಿಡೋಣ?

1906ರಲ್ಲಿ ನಮ್ಮ ಕರಾವಳಿಯವರು ಎರಡು ಸಂಸ್ಥೆಗಳನ್ನು ಕಟ್ಟಿದರು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ತೆರೆದ ನಿಧಿ ಇಂದು ಕೆನರಾ ಬ್ಯಾಂಕು. ಮುಂಬಯಿಯಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಕಟ್ಟಿದ ಶಾಮರಾವ್ ವಿಠಲ್ ಸಹಕಾರಿ ಸಂಘ ಇಂದು ಎಸ್‌ವಿಸಿ ಬ್ಯಾಂಕು. ಒಂದು ವಾಣಿಜ್ಯ ಬ್ಯಾಂಕು, ಇನ್ನೊಂದು ಸಹಕಾರಿ. ಹೀಗೆ ಎರಡೂ ನಮಗೆ ಹೊಸವಲ್ಲ. ಆದರೂ ನಿವೃತ್ತಿಯ ಹಣ ಕೈಸೇರಿದಾಗ ಗಂಟು ಎಲ್ಲಿಡಬೇಕೆಂಬ ಪ್ರಶ್ನೆ ಏಳದೆ ಇರದು.

ನಮ್ಮ ನೆರೆಯ ಹಿರಿಯರೊಬ್ಬರು ಕಳೆದ ತಿಂಗಳು ಇದನ್ನೇ ಕೇಳಿದರು. ಅವರಲ್ಲಿದ್ದುದು 8 ಲಕ್ಷ. ಸರ್ಕಾರಿ ಬ್ಯಾಂಕು ನೂರಕ್ಕೆ 7 ಬಡ್ಡಿ ಹೇಳಿದರೆ, ಬೀದಿಯ ಸಹಕಾರಿ ಬ್ಯಾಂಕು ಏಳೂವರೆ ಹೇಳಿತ್ತು. ಅಲ್ಲಿಯ ಮ್ಯಾನೇಜರರು ಹೆಸರು ಹಿಡಿದು ಮಾತಾಡಿಸುತ್ತಾರೆ, ಸರದಿ ನಿಲ್ಲಬೇಕಿಲ್ಲ. ವರ್ಷಕ್ಕೆ 4,000 ರೂಪಾಯಿ ಹೆಚ್ಚಿಗೆ ಬರುತ್ತದಲ್ಲ ಎಂದರು.

ನಾವು ಕಚೇರಿಯ ಗುಮಾಸ್ತರು, ಕಡತ ನೋಡದೆ ಉತ್ತರ ಕೊಡುವವರಲ್ಲ. ಎರಡೂ ಬಗೆಯ ಬ್ಯಾಂಕುಗಳಲ್ಲಿ ಠೇವಣಿಗೆ ವಿಮೆಯಿದೆ: ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಕೂಡಿ 5 ಲಕ್ಷ. ಬ್ಯಾಂಕೆಂಬ ಹೆಸರಿಲ್ಲದ ಪತ್ತಿನ ಸಂಘಗಳಿಗೆ ಈ ವಿಮೆಯಿಲ್ಲ. ಬ್ಯಾಂಕು ಸಾಲಗಾರರಿಂದ ಕೊಳ್ಳಿಸುವ ಷೇರಿನ ಹಣವೂ ಇದರಲ್ಲಿ ಸೇರದು.

ಹಾಗಾದರೆ ವ್ಯತ್ಯಾಸವೆಲ್ಲಿ? ಬ್ಯಾಂಕು ಕೆಟ್ಟಾಗ ಮೇಲೆತ್ತುವವರಲ್ಲಿ. 2020ರ ಮಾರ್ಚಿನಲ್ಲಿ ಯೆಸ್ ಬ್ಯಾಂಕಿಗೆ ನಿರ್ಬಂಧ ಬಿದ್ದಾಗ ಸ್ಟೇಟ್ ಬ್ಯಾಂಕು ಮುಂದೆ ಬಂದು, ಎರಡು ವಾರದೊಳಗೆ ನಿರ್ಬಂಧ ತೆರವಾಯಿತು. 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಿಎಂಸಿ ಸಹಕಾರಿ ಬ್ಯಾಂಕಿಗೆ ಬಿದ್ದ ನಿರ್ಬಂಧ ಎರಡು ವರ್ಷಕ್ಕೂ ಮಿಕ್ಕಿ ನಡೆಯಿತು. ಮೊದಲಿಗೆ ತೆಗೆಯಬಹುದಾಗಿದ್ದುದು ಕೇವಲ 1,000 ರೂಪಾಯಿ! 2022ರಲ್ಲಿ ಅದು ಬೇರೆ ಬ್ಯಾಂಕಿನಲ್ಲಿ ವಿಲೀನವಾದಾಗ, 5 ಲಕ್ಷ ಮೀರಿದ ಹಣಕ್ಕೆ ಹತ್ತು ವರ್ಷದ ಕಂತು ನಿಗದಿಯಾಯಿತು. ಆ ಬ್ಯಾಂಕು ಒಂದೇ ಗೃಹನಿರ್ಮಾಣ ಸಮೂಹಕ್ಕೆ ಕೊಟ್ಟ ಭಾರಿ ಸಾಲವನ್ನು ಲೆಕ್ಕದಲ್ಲಿ ಮುಚ್ಚಿಟ್ಟಿತ್ತು. ವಾರ್ಷಿಕ ವರದಿ ಓದಿದ ಸದಸ್ಯನಿಗೂ ಅದು ಕಾಣುವಂತಿರಲಿಲ್ಲ.

2021ರ ತಿದ್ದುಪಡಿಯ ಮೇಲೆ, ನಿರ್ಬಂಧ ಬಿದ್ದ 90 ದಿನಗಳಲ್ಲಿ ವಿಮೆಯ ಹಣ ಸಿಗಬೇಕು. ಅದಕ್ಕೆ ಠೇವಣಿದಾರ ಒಪ್ಪಿಗೆಯ ಅರ್ಜಿಯನ್ನೂ ಬೇರೆ ಬ್ಯಾಂಕಿನ ಖಾತೆಯ ವಿವರವನ್ನೂ ಕೊಡಬೇಕು. ಆದುದರಿಂದ ಎರಡನೆಯ ಖಾತೆ ಮೊದಲೇ ಇರಲಿ.

ಹಿರಿಯರಿಗೆ ನಾವು ಹೇಳಿದ್ದಿಷ್ಟೆ: ನಾಲ್ಕೂವರೆ ಲಕ್ಷ ಸಹಕಾರಿ ಬ್ಯಾಂಕಿನಲ್ಲಿಡಿ. ವರ್ಷದ ಬಡ್ಡಿ 33,750 ಸೇರಿದರೂ ವಿಮೆಯ ಮಿತಿಯೊಳಗೇ ಇರುತ್ತದೆ. ಬಡ್ಡಿಯನ್ನು ಬೆಳೆಯಬಿಟ್ಟರೆ ಎರಡನೆಯ ವರ್ಷ ಮಿತಿ ದಾಟೀತು, ಆಗಾಗ ತೆಗೆದುಕೊಳ್ಳಿ. ಉಳಿದ ಮೂರೂವರೆ ಲಕ್ಷವೂ ಪಿಂಚಣಿಯೂ ಸರ್ಕಾರಿ ಬ್ಯಾಂಕಿನಲ್ಲಿರಲಿ. ಮಗನಿಗೆ ಬೇರೆ ಊರಿಗೆ ವರ್ಗವಾದರೆ ಅದರ ಶಾಖೆ ಅಲ್ಲಿಯೂ ಸಿಕ್ಕೀತು.

ಅವರು ಬೆರಳೆಣಿಸಿ, “4,000ದಲ್ಲಿ 1,750 ಹೋಯಿತಲ್ಲಪ್ಪ!” ಎಂದರು. ಹೋಯಿತು ನಿಜ. ಆದರೆ ಬಾಗಿಲಿಗೆ ಬೀಗ ಕೊಳ್ಳುವಾಗಲೂ ನಾವು ದುಡ್ಡು ಕೊಟ್ಟೇ ತರುತ್ತೇವೆ.